ಸಹಾಯ ಬೇಕು: ಶೇಕಡಾ ಕೂಡಿದ್ರೆ 99 ಬರ್ತಿದೆ, ಉಳಿದ 1 ಯಾರಿಗೆ?

ಎಲ್ಲರಿಗೂ ನಮಸ್ಕಾರ. ದಾವಣಗೆರೆ ಸುತ್ತಲಿನ 250 ರೈತರ ಬೆಳೆ ಲೆಕ್ಕದ ಟೇಬಲ್‌ಗಳನ್ನು ಪೈಥಾನ್ ಸ್ಕ್ರಿಪ್ಟ್‌ನಿಂದ ತೆಗೆಯುತ್ತೇನೆ. ಮೆಕ್ಕೆಜೋಳ 121, ಭತ್ತ 76, ಅಡಿಕೆ 53 ಜನ. ಅಂದರೆ 48.4, 30.4, 21.2. ದಶಾಂಶ ಬೇಡ ಅಂತ ಮೇಲಿನವರು ಹೇಳಿದ್ದಾರೆ. ರೌಂಡ್ ಮಾಡಿದರೆ 48, 30, 21. ಕೂಡಿದರೆ 99!

ಮೊದಲು ಉಳಿದ 1 ಅನ್ನು ಕೊನೆಯ ಸಾಲಿಗೆ ಸೇರಿಸಿದೆ. ಅಡಿಕೆ 22 ಆಯಿತು. 21.2 ಇದ್ದದ್ದು 22 ಆದರೆ ಸುಳ್ಳು ಹೇಳಿದಂತೆ ಅಲ್ವಾ? ಆಮೇಲೆ ಎಲ್ಲವನ್ನೂ ಕೆಳಕ್ಕೆ ಇಳಿಸಿ, ಯಾರ ಶೇಷ ದೊಡ್ಡದೋ ಅವರಿಗೆ 1 ಕೊಡುವ ವಿಧಾನ ಹಾಕಿದೆ. ದಶಾಂಶದ ತಪ್ಪು ನುಸುಳಬಾರದು ಅಂತ ಪೂರ್ಣಾಂಕದಲ್ಲೇ ಲೆಕ್ಕ ಮಾಡಿದೆ:

```
12100 % 250  # 100
7600 % 250   # 100
5300 % 250   # 50
```

ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ಮೆಕ್ಕೆಜೋಳ, ಭತ್ತ ಎರಡರ ಶೇಷವೂ 100. ಸಾಲಿನಲ್ಲಿ ಮೊದಲು ಬಂದದ್ದಕ್ಕೆ 1 ಹೋಗುತ್ತಿದೆ. ಹಾಗಾಗಿ ಸಂಖ್ಯೆ ಪ್ರಕಾರ ಜೋಡಿಸಿದ ಟೇಬಲ್‌ನಲ್ಲಿ ಮೆಕ್ಕೆಜೋಳ 49, ಅಕ್ಷರ ಪ್ರಕಾರ ಜೋಡಿಸಿದ್ದರಲ್ಲಿ ಭತ್ತ 31. ಒಂದೇ ವರದಿಯಲ್ಲಿ ಎರಡು ಉತ್ತರ!

ಶೇಷ ಸಮ ಬಂದಾಗ ಹೆಚ್ಚು ರೈತರಿರುವ ಬೆಳೆಗೆ 1 ಕೊಡಬೇಕಾ, ಇಲ್ಲ ಬೆಳೆಗಳಿಗೆ ಮೊದಲೇ ಒಂದು ಕ್ರಮ ಗೊತ್ತುಮಾಡಿ ಅದರಂತೆ ಕೊಡಬೇಕಾ? ಇಂಥ ವರದಿ ಮಾಡುವವರು ನೀವು ಯಾವುದನ್ನು ಬಳಸುತ್ತೀರಿ, ಯಾಕೆ?