ಕ್ರೌಚ್ ಟಾಗಲ್ ಕಡತದ ಮೇಲೆ ನಮ್ಮ ಬ್ಯಾಚಿನ ಗುಂಪಿನಲ್ಲಿ ನಡೆದ ವಾದ

ಪ್ರಣವ್: ಎಲ್ಲರಿಗೂ ನಮಸ್ಕಾರ. ನಾವು ಸೇರಿ ಮಾಡುತ್ತಿರುವ ಆಟದ ಹೊಸ ಕಡತವನ್ನು ಈಗಷ್ಟೇ ಹಂಚಿಕೊಂಡಿದ್ದೇನೆ. ಬಗ್ಗಿ ನಡೆಯಲು ಇನ್ನು ಮುಂದೆ ಕೀಯನ್ನು ಒತ್ತಿ ಹಿಡಿಯಬೇಕಾಗಿಲ್ಲ. ಒಮ್ಮೆ ಒತ್ತಿದರೆ ಪಾತ್ರ ಬಗ್ಗುತ್ತದೆ, ಇನ್ನೊಮ್ಮೆ ಒತ್ತಿದರೆ ಎದ್ದು ನಿಲ್ಲುತ್ತದೆ, ಅಂದರೆ ಟಾಗಲ್ ಕ್ರಮ. ನಾವು ಬಳಸುವ ಗೋಡೋ ಗೇಮ್ ಎಂಜಿನ್‌ನಲ್ಲಿ ಇದಕ್ಕೆ ಎರಡೇ ಸಾಲು ಸಾಕಾಯಿತು.

```gdscript
if Input.is_action_just_pressed("crouch"):
    is_crouched = not is_crouched
```

ನಾಗರಾಜ್: ಪ್ರಣವ್, ಇದನ್ನು ಸೇರಿಸುವ ಮೊದಲು ಒಂದು ಮಾತು ಕೇಳಬೇಕಿತ್ತು. ಒತ್ತಿ ಹಿಡಿಯುವ ಹೋಲ್ಡ್ ಕ್ರಮದಲ್ಲಿ ಬೆರಳು ಕೀಯ ಮೇಲಿದ್ದರೆ ನಾನು ಬಗ್ಗಿದ್ದೇನೆ, ಬೆರಳು ಎತ್ತಿದರೆ ನಿಂತಿದ್ದೇನೆ ಎಂಬುದು ಪರದೆ ನೋಡದೆಯೇ ನನಗೆ ತಿಳಿದಿರುತ್ತದೆ. ಕಾವಲುಗಾರ ತಿರುಗುವ ಹೊತ್ತಿಗೆ ಗೋಡೆಯ ಮರೆಯಲ್ಲಿ ಬಗ್ಗಿ, ಅರೆಕ್ಷಣ ಎದ್ದು ನೋಡಿ, ಮತ್ತೆ ಬಗ್ಗುವ ಆಟಕ್ಕೆ ಅದೇ ಸರಿ. ನೀನು ನನ್ನ ಆ ಕ್ರಮವನ್ನು ತೆಗೆದೇ ಹಾಕಿದ್ದೀಯ.

ವಸುಧಾ ಅಕ್ಕ: ನಾಗರಾಜ್, ನಿನ್ನ ಕ್ರಮ ಉಳಿಯಲಿ, ಅದಕ್ಕೆ ನನ್ನ ತಕರಾರಿಲ್ಲ. ಆದರೆ ಟಾಗಲ್ ಬೇಕೆಂದು ಕೇಳಿದವಳು ನಾನೇ. ಈ ಆಟದ ಒಂದು ಹಂತದಲ್ಲಿ ಹೆಚ್ಚಿನ ಹೊತ್ತು ಬಗ್ಗಿಯೇ ನಡೆಯಬೇಕು. ಕಿರುಬೆರಳನ್ನು ಕಂಟ್ರೋಲ್ ಕೀಯ ಮೇಲೆ ಬಾಗಿಸಿ ಅಷ್ಟು ಹೊತ್ತು ಒತ್ತಿಕೊಂಡಿದ್ದರೆ ನನ್ನ ಎಡಗೈ ಮಣಿಕಟ್ಟಿನವರೆಗೆ ನೋಯುತ್ತದೆ. ಅದರ ಜೊತೆಗೆ ಇತರ ಬೆರಳುಗಳು ನಾಲ್ಕು ದಿಕ್ಕಿನ ಕೀಗಳನ್ನೂ ನೋಡಿಕೊಳ್ಳಬೇಕು.

ಶ್ರೀಲತಾ: ಎರಡೂ ಕ್ರಮಗಳು ಬೇಕು, ಆಯ್ಕೆ ಆಟಗಾರರದ್ದು, ಇದರಲ್ಲಿ ವಾದಕ್ಕೆ ಜಾಗವಿಲ್ಲ ಎಂದು ನನ್ನ ಎಣಿಕೆ. 2020ರಲ್ಲಿ ಬಂದ ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಆಟದ ಸೆಟ್ಟಿಂಗ್ಸ್‌ನಲ್ಲಿ ಗುರಿ ಇಡುವುದು, ಓಡುವುದು ಮುಂತಾದ ಕ್ರಿಯೆಗಳಿಗೆ ಹೋಲ್ಡ್ ಬೇಕೋ ಟಾಗಲ್ ಬೇಕೋ ಎಂಬುದನ್ನು ಬೇರೆಬೇರೆಯಾಗಿ ಆರಿಸಿಕೊಳ್ಳಬಹುದು. ನನ್ನ ಆಕ್ಷೇಪ ಇರುವುದು ಪ್ರಣವ್‌ನ ಆ ಎರಡು ಸಾಲುಗಳ ಬಗ್ಗೆ. ಪ್ರಣವ್, ಗಾಳಿಕೊಳವೆಯೊಳಗೆ ತೆವಳುತ್ತಿರುವಾಗ ಆ ಕೀ ಒತ್ತಿ ನೋಡಿದ್ದೀಯಾ?

ಪ್ರಣವ್: ನೋಡಿರಲಿಲ್ಲ. ಈಗ ನೋಡಿದೆ. ಪಾತ್ರ ಕೊಳವೆಯ ಮೇಲ್ಭಾಗಕ್ಕೆ ತಲೆ ತೂರಿಸಿ ಅಲ್ಲಿಯೇ ನಡುಗುತ್ತಾ ನಿಂತುಬಿಟ್ಟಿತು. ತಲೆಯ ಮೇಲೆ ಜಾಗವಿಲ್ಲದಿದ್ದರೆ ಏಳಬಾರದು ಎಂಬ ಷರತ್ತೊಂದನ್ನು ಸೇರಿಸಿದರಾಯಿತಲ್ಲವೇ?

ಶ್ರೀಲತಾ: ಷರತ್ತು ಬೇಕು, ಆದರೆ ಅದನ್ನು ಎಲ್ಲಿ ಇಡುತ್ತೀಯ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಆಟಗಾರನಿಗೆ ಬೇಕಾದದ್ದು ಒಂದು, ಪಾತ್ರದ ದೇಹ ಈಗ ಇರುವ ಸ್ಥಿತಿ ಇನ್ನೊಂದು. ಇವೆರಡನ್ನೂ ನೀನು `is_crouched` ಎಂಬ ಒಂದೇ ಚರದಲ್ಲಿ ತುಂಬಿದ್ದೀಯ. ಒತ್ತಿ ಹಿಡಿಯುವ ಕ್ರಮದಲ್ಲಿ ಇದು ಅಷ್ಟಾಗಿ ಕಾಡುವುದಿಲ್ಲ, ಏಕೆಂದರೆ ಆಟಗಾರನ ಇಚ್ಛೆ ಏನೆಂಬುದನ್ನು ಪ್ರತಿ ಫ್ರೇಮಿನಲ್ಲೂ ಅವನ ಬೆರಳೇ ಹೇಳುತ್ತಿರುತ್ತದೆ. ಕೊಳವೆಯೊಳಗೆ ಬೆರಳು ಎತ್ತಿದರೆ ದೇಹ ಬಗ್ಗಿಯೇ ಇರುತ್ತದೆ, ಹೊರಗೆ ಬಂದೊಡನೆ ಏಳುತ್ತದೆ. ಟಾಗಲ್‌ನಲ್ಲಿ ಬೆರಳು ಕೀಯನ್ನು ಬಿಟ್ಟು ಹೋಗಿರುತ್ತದೆ, ನೆನಪಿಟ್ಟುಕೊಳ್ಳುವ ಕೆಲಸ ಪೂರ್ತಿಯಾಗಿ ನಮ್ಮ ಕೋಡಿನ ಪಾಲಿಗೆ ಬರುತ್ತದೆ. ಹಾಗಾಗಿ ಇಚ್ಛೆಗೆ `wants_crouch` ಎಂಬ ಪ್ರತ್ಯೇಕ ಚರ ಬೇಕು.

ಪ್ರಣವ್: ಹಾಗಾದರೆ ಕೀ ಒತ್ತಿದಾಗ `wants_crouch` ಅನ್ನು ತಿರುಗಿಸುತ್ತೇನೆ. ಕೊಳವೆಯೊಳಗೆ ಒತ್ತಿದರೆ ಏಳಬೇಕೆಂಬ ಇಚ್ಛೆ ನೆನಪಿನಲ್ಲಿ ಉಳಿಯುತ್ತದೆ, ಹೊರಗೆ ಬಂದಾಗ ಪಾತ್ರ ತಾನಾಗಿ ಏಳುತ್ತದೆ. ಹೋಲ್ಡ್ ಕ್ರಮದಲ್ಲಿ ಆಗುವುದೂ ಅದೇ ಅಲ್ಲವೇ?

ನಾಗರಾಜ್: ನನಗೆ ಇದು ಒಪ್ಪಿಗೆ. ಕೊಳವೆಯ ಬಾಯಿಗೆ ಬರುವ ಮುಂಚೆಯೇ ಒತ್ತಿಟ್ಟರೆ ಹೊರಗೆ ಬಿದ್ದ ಕ್ಷಣವೇ ಓಡಬಹುದು.

ವಸುಧಾ ಅಕ್ಕ: ನನಗೆ ಒಪ್ಪಿಗೆಯಿಲ್ಲ. ಕೊಳವೆಯೊಳಗೆ ನಾನು ಕೀ ಒತ್ತಿದೆ ಎಂದುಕೊಳ್ಳಿ. ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಕೀ ಸರಿಯಾಗಿ ತಾಗಲಿಲ್ಲವೇನೋ ಎಂದು ಇನ್ನೊಮ್ಮೆ ಒತ್ತುತ್ತೇನೆ, ಯಾರಾದರೂ ಮಾಡುವುದು ಅದನ್ನೇ. ಈಗ ಹೊರಗೆ ಬಂದಾಗ ನಾನು ಏಳುತ್ತೇನೋ ಬಗ್ಗಿಯೇ ಇರುತ್ತೇನೋ ಎಂಬುದು ನಾನು ಒತ್ತಿದ್ದು ಬೆಸ ಸಲವೋ ಸಮ ಸಲವೋ ಎಂಬುದರ ಮೇಲೆ ಹೋಗುತ್ತದೆ. ಲೆಕ್ಕ ತಪ್ಪಿದರೆ ಎದುರಿಗೆ ಕಾವಲುಗಾರ ನಿಂತಿರುವಾಗ ದಿಢೀರನೆ ಎದ್ದು ನಿಲ್ಲುತ್ತೇನೆ.

ಶ್ರೀಲತಾ: ಅಕ್ಕ ಹೇಳಿದ್ದು ನಿಜವಾದ ತೊಡಕು. ನಾಗರಾಜ್‌ಗೆ ಹೋಲ್ಡ್ ಕ್ರಮದಲ್ಲಿ ಈ ಗೊಂದಲವಿಲ್ಲ, ಏಕೆಂದರೆ ತನ್ನ ಬೆರಳು ಎಲ್ಲಿದೆ ಎಂಬುದು ಅವನಿಗೆ ಗೊತ್ತು. ಟಾಗಲ್‌ನಲ್ಲಿ ಆಟಗಾರನಿಗೆ ಕಾಣುವ ಸಾಕ್ಷಿ ಪಾತ್ರದ ಭಂಗಿ ಒಂದೇ. ಆದ್ದರಿಂದ ಕಾಣದ ಚರವೊಂದು ಭಂಗಿಗೆ ವಿರುದ್ಧವಾಗಿ ಕುಳಿತಿರಲು ಬಿಡಬಾರದು. ಜಾಗವಿಲ್ಲದಿದ್ದಾಗ ಏಳುವ ಕೋರಿಕೆಯನ್ನು ಅಲ್ಲಿಯೇ ನಿರಾಕರಿಸಿ, ಒಂದು ಸಣ್ಣ ಶಬ್ದವನ್ನೂ ತಲೆಯ ಮೇಲೆ ಅಡ್ಡವಿದೆ ಎಂಬ ಚಿಹ್ನೆಯನ್ನೂ ತೋರಿಸೋಣ. ಶಬ್ದ ಮಾತ್ರ ಇಟ್ಟರೆ ಕೇಳಿಸದವರಿಗೆ ತಿಳಿಯುವುದಿಲ್ಲ, ಎರಡೂ ಇರಲಿ.

```gdscript
if crouch_toggle:
    if Input.is_action_just_pressed("crouch"):
        if not wants_crouch:
            wants_crouch = true
        elif head_blocked():
            show_blocked_hint()
        else:
            wants_crouch = false
else:
    wants_crouch = Input.is_action_pressed("crouch")

is_crouched = wants_crouch or (is_crouched and head_blocked())
```

ಕೊನೆಯ ಸಾಲು ಎರಡೂ ಕ್ರಮಗಳಿಗೆ ಒಂದೇ. ಬಗ್ಗುವ ಇಚ್ಛೆಯಿದ್ದರೆ ಬಗ್ಗು, ಇಲ್ಲದಿದ್ದರೂ ಈಗಾಗಲೇ ಬಗ್ಗಿದ್ದು ಮೇಲೆ ಅಡ್ಡವಿದ್ದರೆ ಹಾಗೆಯೇ ಇರು, ಅಷ್ಟೇ ಅದರ ಅರ್ಥ. `head_blocked()` ಬರೆಯುವಾಗ ತಲೆಯ ನಡುವಿನಿಂದ ಮೇಲಕ್ಕೆ ಒಂದೇ ಗೆರೆ ಹಾಯಿಸಬೇಡ. ಕೊಳವೆಯ ಅಂಚಿನಲ್ಲಿ ಆ ಗೆರೆ ಹೊರಗೆ ತಪ್ಪಿಸಿಕೊಂಡು ಹೋಗುತ್ತದೆ, ಹೆಗಲು ಮಾತ್ರ ಒಳಗೇ ಉಳಿದಿರುತ್ತದೆ. `RayCast3D` ಬದಲು ನಿಂತ ದೇಹದಷ್ಟೇ ಅಗಲದ ಆಕಾರವಿರುವ `ShapeCast3D` ಬಳಸು.

ನಾಗರಾಜ್: ಇದರಿಂದ ಹೊರಗೆ ಬಂದ ಮೇಲೆ ಮತ್ತೊಮ್ಮೆ ಒತ್ತಬೇಕಾಗುತ್ತದೆ. ವೇಗವಾಗಿ ಆಡುವವರು ಇದನ್ನು ಮೆಚ್ಚುವುದಿಲ್ಲ ಎಂದು ಬರೆದಿಟ್ಟುಕೊಳ್ಳಿ.

ಶ್ರೀಲತಾ: ಒಪ್ಪುತ್ತೇನೆ, ಅದು ಈ ನಿರ್ಧಾರಕ್ಕೆ ಕೊಡುವ ಬೆಲೆ. ಅಷ್ಟು ವೇಗ ಬೇಕಾದವರಿಗೆ ಹೋಲ್ಡ್ ಕ್ರಮ ಇದ್ದೇ ಇದೆ.

ನಾಗರಾಜ್: ಎರಡು ಆಯ್ಕೆಗಳನ್ನು ಇಡುವ ಬದಲು ಎರಡನ್ನೂ ಒಂದೇ ಕ್ರಮದಲ್ಲಿ ಬೆಸೆಯಬಹುದಲ್ಲ? ಕೀ ಒತ್ತಿದೊಡನೆ ಪಾತ್ರ ಬಗ್ಗಲಿ. ಕಾಲು ಸೆಕೆಂಡಿನೊಳಗೆ ಬಿಟ್ಟರೆ ಅದನ್ನು ಟಾಗಲ್ ಎಂದು ತಿಳಿದು ಬಗ್ಗಿಯೇ ಇರಲಿ. ಅದಕ್ಕಿಂತ ಹೆಚ್ಚು ಹೊತ್ತು ಹಿಡಿದು ಬಿಟ್ಟರೆ ಹೋಲ್ಡ್ ಎಂದು ತಿಳಿದು ಏಳಲಿ. ಬಗ್ಗುವುದರಲ್ಲಿ ತಡವೂ ಆಗುವುದಿಲ್ಲ, ಸೆಟ್ಟಿಂಗ್ಸ್ ಪುಟದಲ್ಲಿ ಒಂದು ಸಾಲು ಕಡಿಮೆಯೂ ಆಗುತ್ತದೆ.

ಪ್ರಣವ್: ಇದು ಚೆನ್ನಾಗಿದೆ.

ವಸುಧಾ ಅಕ್ಕ: ಬೆರಳು ಚುರುಕಾಗಿರುವವರಿಗೆ ಚೆನ್ನಾಗಿದೆ. ನೋವಿರುವ ದಿನ ನನ್ನ ಬೆರಳು ಕೀಯಿಂದ ಮೇಲೇಳುವುದೇ ನಿಧಾನ. ಟಾಗಲ್ ಎಂದುಕೊಂಡು ನಾನು ಒತ್ತಿದ್ದನ್ನು ನಿಮ್ಮ ಬೆಸುಗೆಯ ಕ್ರಮ ಹೋಲ್ಡ್ ಎಂದು ಓದುತ್ತದೆ, ಬೆರಳು ಬಿಟ್ಟೊಡನೆ ಪಾತ್ರ ಎದ್ದುಬಿಡುತ್ತದೆ. ಯಾರಿಗಾಗಿ ಈ ಆಯ್ಕೆ ಹುಟ್ಟಿತೋ ಅವರಿಗೇ ಅದು ಕೆಲಸಕ್ಕೆ ಬಾರದೆ ಹೋಗುತ್ತದೆ. ಎಷ್ಟು ಹೊತ್ತು ಒತ್ತಿದರೂ ಒಂದೇ ಸಲ ಎಂದು ಎಣಿಸುವ ಶುದ್ಧ ಟಾಗಲ್ ನನಗೆ ಬೇಕು. ಇದರಲ್ಲಿ ನಾನು ರಾಜಿಯಾಗುವುದಿಲ್ಲ.

ಶ್ರೀಲತಾ: ಬೆಸುಗೆಯ ಕ್ರಮವನ್ನು ಮೂರನೆಯ ಆಯ್ಕೆಯಾಗಿ ಮುಂದೆಂದಾದರೂ ಸೇರಿಸಬಹುದು, ಶುದ್ಧ ಟಾಗಲ್‌ನ ಬದಲಿಗೆ ಅಲ್ಲ.

ನಾಗರಾಜ್: ಸರಿ, ಅಕ್ಕನ ಮಾತಿಗೆ ಎದುರಾಡುವುದಿಲ್ಲ. ಆದರೆ ಓಟದ ವಿಷಯದಲ್ಲಿ ಸುಮ್ಮನಿರಲಾರೆ. ಪ್ರಣವ್ ಅದೇ ಕಡತದಲ್ಲಿ ಸ್ಪ್ರಿಂಟನ್ನೂ ಟಾಗಲ್ ಮಾಡಿದ್ದಾನೆ. ಓಡಿ ಬಂದು ಬಾಗಿಲ ಬಳಿ ನಿಂತೆ, ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದೆ, ಆಮೇಲೆ ಮೆಲ್ಲಗೆ ಒಂದು ಹೆಜ್ಜೆ ಇಡಲು ಹೋದರೆ ಪಾತ್ರ ದಡದಡನೆ ಓಡಿತು, ಕೋಣೆಯೊಳಗಿನ ಕಾವಲುಗಾರರೆಲ್ಲ ಎಚ್ಚೆತ್ತರು.

ಪ್ರಣವ್: ಅದನ್ನು ನಿನ್ನೆ ರಾತ್ರಿಯೇ ತಿದ್ದಿದೆ. ಈಗ ದಿಕ್ಕಿನ ಕೀ ಬಿಟ್ಟೊಡನೆ ಓಟ ರದ್ದಾಗುತ್ತದೆ.

ವಸುಧಾ ಅಕ್ಕ: ಆ ತಿದ್ದುಪಡಿಯಿಂದಲೇ ಈಗ ನನಗೆ ಓಡಲಾಗುತ್ತಿಲ್ಲ. ಎಡದಿಂದ ಬಲಕ್ಕೆ ತಿರುಗುವಾಗ ಒಂದು ಕೀ ಬಿಟ್ಟು ಇನ್ನೊಂದನ್ನು ಒತ್ತುವ ನಡುವೆ ಒಂದು ಚೂರು ಖಾಲಿ ಕ್ಷಣ ಬರುತ್ತದೆ. ಅಷ್ಟರಲ್ಲಿ ಓಟ ನಿಂತುಹೋಗುತ್ತದೆ, ಮತ್ತೆ ಶಿಫ್ಟ್ ಒತ್ತಬೇಕಾಗುತ್ತದೆ. ಹೀಗಾದರೆ ಒತ್ತಿ ಹಿಡಿಯುವುದಕ್ಕಿಂತ ಹೆಚ್ಚು ಕೆಲಸ ಬೆರಳಿಗೆ ಬೀಳುತ್ತದೆ.

ಶ್ರೀಲತಾ: ಗೇಮ್‌ಪ್ಯಾಡಿನಲ್ಲೂ ಇದೇ ಆಗುತ್ತದೆ, ಕಡ್ಡಿಯನ್ನು ನೇರವಾಗಿ ಹಿಂದಕ್ಕೆ ತಳ್ಳುವಾಗ ಅದು ನಡುಬಿಂದುವನ್ನು ಹಾದೇ ಹೋಗಬೇಕು. ಚಲನೆ ನಿಂತ ಮೇಲೆ ಒಂದು ಸಣ್ಣ ಗಡುವು ಕೊಡು, 0.2 ಸೆಕೆಂಡಿನಿಂದ ಶುರುಮಾಡಿ ಆಡಿ ನೋಡೋಣ. ಅಷ್ಟರೊಳಗೆ ಮತ್ತೆ ಚಲಿಸಿದರೆ ಓಟ ಮುಂದುವರಿಯಲಿ, ಇಲ್ಲದಿದ್ದರೆ ರದ್ದಾಗಲಿ. ಪೂರ್ತಿಯಾಗಿ ದಣಿದಾಗ, ಬಗ್ಗಿದಾಗ, ಏಣಿ ಹಿಡಿದಾಗ, ಪಾತ್ರ ಸತ್ತಾಗಲೂ ಓಟದ ಇಚ್ಛೆಯನ್ನು ಅಳಿಸಬೇಕು. ದಣಿವಿನ ಬಗ್ಗೆ ಭಿನ್ನಾಭಿಪ್ರಾಯ ಬರಬಹುದು. ಶಕ್ತಿ ತುಂಬಿದೊಡನೆ ಪಾತ್ರ ತಾನಾಗಿ ಮತ್ತೆ ಓಡಲಿ ಎಂದು ಕೆಲವರು ಬಯಸುತ್ತಾರೆ, ಆದರೆ ಸದ್ದು ಮಾಡಿದರೆ ಸಿಕ್ಕಿಬೀಳುವ ನಮ್ಮ ಆಟಕ್ಕೆ ಅದು ಹೊಂದುವುದಿಲ್ಲ.

ನಾಗರಾಜ್: ಶಿಫ್ಟ್ ಕೀಯ ಬಗ್ಗೆ ಇನ್ನೊಂದು ಎಚ್ಚರಿಕೆ. ವಿಂಡೋಸ್‌ನಲ್ಲಿ ನಡುವೆ ಬೇರೆ ಕೀ ಮುಟ್ಟದೆ ಶಿಫ್ಟನ್ನು ಐದು ಸಲ ಒತ್ತಿದರೆ ಒಟ್ಟಿಗೆ ಒತ್ತಬೇಕಾದ ಕೀಗಳನ್ನು ಒಂದೊಂದಾಗಿ ಒತ್ತಲು ಬಿಡುವ ಸ್ಟಿಕಿ ಕೀಸ್ ಸೌಲಭ್ಯ ಬೇಕೇ ಎಂದು ಕೇಳುವ ಕಿಟಕಿ ಆಟದ ಮೇಲೆ ತೆರೆದುಕೊಳ್ಳುತ್ತದೆ. ಹೋಲ್ಡ್ ಕ್ರಮದಲ್ಲಿ ಇದು ಅಪರೂಪ, ಟಾಗಲ್‌ನಲ್ಲಿ ಒತ್ತಿ ಬಿಡುವುದೇ ಹೆಚ್ಚು.

ವಸುಧಾ ಅಕ್ಕ: ಆ ಸೌಲಭ್ಯವನ್ನು ನಿಜವಾಗಿ ಬಳಸುವವರೂ ಇದ್ದಾರೆ, ಅದನ್ನು ಆಟದಿಂದ ನಿಷ್ಕ್ರಿಯಗೊಳಿಸಲು ಹೋಗಬೇಡಿ. ಕೀಗಳನ್ನು ಬದಲಿಸಿಕೊಳ್ಳಲು ಬಿಟ್ಟರೆ ಸಾಕು, ನಾನು ಓಟವನ್ನು ಮೌಸಿನ ಪಕ್ಕದ ಗುಂಡಿಗೆ ಇಟ್ಟುಕೊಳ್ಳುತ್ತೇನೆ. ಬಗ್ಗುವುದಕ್ಕೂ ಓಡುವುದಕ್ಕೂ ಆಯ್ಕೆ ಬೇರೆಬೇರೆ ಇರಲಿ. ನನಗೆ ಬಗ್ಗುವುದು ಟಾಗಲ್ ಬೇಕು, ಓಟ ಹೋಲ್ಡ್ ಆದರೂ ನಡೆಯುತ್ತದೆ, ಓಡುವುದು ಸ್ವಲ್ಪ ಹೊತ್ತು ತಾನೇ.

ಪ್ರಣವ್: ಎರಡು ಆಯ್ಕೆಗಳನ್ನೂ ಸೇರಿಸಿ ಕಡತವನ್ನು ಮತ್ತೆ ಹಾಕಿದ್ದೇನೆ, ಮೊದಲಿನ ಪ್ರತಿಯನ್ನು ದಯವಿಟ್ಟು ಅಳಿಸಿಬಿಡಿ. ಒಂದು ಅನುಮಾನ ಉಳಿದಿದೆ. ಆಟದ ನಡುವೆ ಮೆನು ತೆರೆದು ಕ್ರಮ ಬದಲಿಸಿದರೆ ಏನಾಗಬೇಕು?

ಶ್ರೀಲತಾ: ಟಾಗಲ್‌ನಿಂದ ಹೋಲ್ಡ್‌ಗೆ ಬಂದರೆ ಏನೂ ಮಾಡಬೇಕಾಗಿಲ್ಲ, ಮುಂದಿನ ಫ್ರೇಮಿನಲ್ಲಿ ಬೆರಳನ್ನು ಓದಿ ಎಲ್ಲವೂ ಸರಿಹೋಗುತ್ತದೆ. ಹೋಲ್ಡ್‌ನಿಂದ ಟಾಗಲ್‌ಗೆ ಹೋಗುವಾಗ ಮಾತ್ರ ಎಚ್ಚರ ಬೇಕು. ಆಟಗಾರ ಕೊಳವೆಯೊಳಗೆ ಬೆರಳು ಎತ್ತಿ ಮೆನು ತೆರೆದಿದ್ದರೆ ದೇಹ ಬಗ್ಗಿದೆ, `wants_crouch` ಮಾತ್ರ ಸುಳ್ಳಾಗಿದೆ. ಹಾಗೆಯೇ ಬಿಟ್ಟರೆ ಅಕ್ಕ ಹೇಳಿದ ಕಾಣದ ಚರದ ಗೊಂದಲ ಹಿಂಬಾಗಿಲಿನಿಂದ ಒಳಗೆ ಬರುತ್ತದೆ. ಆಯ್ಕೆ ಬದಲಾದ ಕ್ಷಣದಲ್ಲಿ `wants_crouch = is_crouched` ಎಂದು ಒಂದು ಸಾಲು ಬರೆ. ಸತ್ತು ಮತ್ತೆ ಹುಟ್ಟುವಾಗ ಎರಡನ್ನೂ ಅಳಿಸು, ಇಲ್ಲದಿದ್ದರೆ ಪಾತ್ರ ಬಗ್ಗಿಕೊಂಡೇ ಹುಟ್ಟುತ್ತದೆ.

ವಸುಧಾ ಅಕ್ಕ: ಸೇರಿಸಿದ ಮೇಲೆ ತಿಳಿಸು ಪ್ರಣವ್. ಕೊಳವೆಯ ಎರಡೂ ಬಾಯಿಗಳಲ್ಲಿ, ಅರ್ಧ ದೇಹ ಒಳಗೆ ಅರ್ಧ ಹೊರಗೆ ಇರುವಂತೆ ನಿಂತು ಒತ್ತಿ ನೋಡುತ್ತೇನೆ.