ಪೋರ್ಟಲ್‌ನಲ್ಲಿ ₹792 ಟಿಸಿಎಸ್, ನನ್ನ ಲೆಕ್ಕದಲ್ಲಿ ₹1,890: ಯಾವುದು ಸರಿ?

ಕೇಳಿದವರು, ಮೈಸೂರಿನ ಅಗರಬತ್ತಿ ಮಾರಾಟಗಾರ್ತಿ

ಅಗರಬತ್ತಿ, ಧೂಪ ಆನ್‌ಲೈನ್‌ನಲ್ಲಿ ಮಾರುತ್ತೇನೆ. ಅಕ್ಟೋಬರ್ 2025ರಲ್ಲಿ ₹1,89,000ಕ್ಕೆ ಆರ್ಡರ್ ಬಂದಿದೆ, 5% ಜಿಎಸ್‌ಟಿ ಸೇರಿ. ಪ್ಲಾಟ್‌ಫಾರ್ಮ್‌ನವರು ಮಾರಾಟದ ಮೇಲೆ ಹಿಡಿಯುವ ತೆರಿಗೆ, ಟಿಸಿಎಸ್, 1% ಅಂತ ಕೇಳಿದ್ದೆ, ಹಾಗಾದರೆ ₹1,890 ಹಿಡಿಯಬೇಕಿತ್ತು. ಪೋರ್ಟಲ್‌ನಲ್ಲಿ ಕಾಣುವುದು ₹792. ಅದೂ ಕ್ಯಾಶ್ ಲೆಡ್ಜರ್‌ಗೆ ಬಂದಿಲ್ಲ. ನೀವೆಲ್ಲ ಇದನ್ನು ಹೇಗೆ ತಾಳೆ ನೋಡುತ್ತೀರಿ?

ಹುಬ್ಬಳ್ಳಿಯ ಮೊಬೈಲ್ ಕವರ್ ವ್ಯಾಪಾರಿ

ಮೇಡಂ, ದರ ಕಡಿಮೆ ಆಗಿದೆ. ಈಗ 0.1% ಮಾತ್ರ, ಅಕ್ಟೋಬರ್ 2024ರಿಂದ. ನಿಮ್ಮ 26AS ತೆಗೆದು ನೋಡಿ, ಅಲ್ಲಿ ಇರುತ್ತದೆ. ವರ್ಷದ ಕೊನೆಗೆ ಐಟಿ ರಿಟರ್ನ್‌ನಲ್ಲಿ ತೋರಿಸಿದರೆ ಆ ದುಡ್ಡು ವಾಪಸ್ ಬರುತ್ತದೆ. ನನಗೆ ಹೋದ ವರ್ಷ ಬಂತು.

ಮಾರಾಟಗಾರರಿಗೆ ಲೆಕ್ಕ ಬರೆದುಕೊಡುವವರು, ಬೆಂಗಳೂರು

ಸರ್, ನೀವು ಹೇಳಿದ್ದು ನಿಜ, ಆದರೆ ಅದು ಬೇರೆ ಕಡಿತ. ಅದು ಆದಾಯ ತೆರಿಗೆಯ ಟಿಡಿಎಸ್, 194-O. ಮೇಡಂ ಕೇಳುತ್ತಿರುವುದು ಜಿಎಸ್‌ಟಿಯ ಟಿಸಿಎಸ್. ಎರಡೂ ಒಂದೇ ಸೆಟಲ್‌ಮೆಂಟ್ ಶೀಟಿನಲ್ಲಿ ಅಕ್ಕಪಕ್ಕ ಕೂತಿರುತ್ತವೆ, ಅದಕ್ಕೇ ಗೊಂದಲ. ಈ ₹792ನ್ನು ಐಟಿ ರಿಟರ್ನ್‌ನಲ್ಲಿ ಹಾಕಬೇಡಿ.

ಜಿಎಸ್‌ಟಿ ಟಿಸಿಎಸ್ 2018ರ ಅಕ್ಟೋಬರ್‌ನಲ್ಲಿ ಶುರುವಾದಾಗ 1% ಇತ್ತು. 2024ರ ಜುಲೈ 10ರಿಂದ 0.5%. ರಾಜ್ಯದೊಳಗೆ ಮಾರಿದರೆ ಸಿಜಿಎಸ್‌ಟಿ 0.25, ಎಸ್‌ಜಿಎಸ್‌ಟಿ 0.25. ಹೊರರಾಜ್ಯಕ್ಕೆ ಮಾರಿದರೆ ಪೂರ್ತಿ ಐಜಿಎಸ್‌ಟಿ. ಇದನ್ನು ಜಿಎಸ್‌ಟಿ ಸೇರದ ಬೆಲೆಯ ಮೇಲೆ, ಆ ತಿಂಗಳು ವಾಪಸ್ ಬಂದ ಮಾಲನ್ನು ಕಳೆದು ಹಾಕುತ್ತಾರೆ.

ನಾನು ಮೊದಲು ಮಾಡುವ ಕೆಲಸ ಒಂದೇ: ಟಿಸಿಎಸ್ ಮೊತ್ತವನ್ನು 200ರಿಂದ ಗುಣಿಸುವುದು. 792 × 200 = 1,58,400. ಪ್ಲಾಟ್‌ಫಾರ್ಮ್ ನಿಮ್ಮ ಅಕ್ಟೋಬರ್ ಮಾರಾಟ ಇಷ್ಟು ಅಂತ ಸರ್ಕಾರಕ್ಕೆ ಹೇಳಿದೆ. ನಿಮ್ಮ ₹1,89,000ದಿಂದ ಜಿಎಸ್‌ಟಿ ತೆಗೆದರೆ ₹1,80,000. ಉಳಿದ ₹21,600 ಎಲ್ಲಿ ಹೋಯಿತು ಅಂತ ಮಾತ್ರ ಹುಡುಕಬೇಕು. ನಿಮ್ಮ ಶೀಟಿನಲ್ಲಿರುವುದು ಆರ್ಡರ್ ಬಂದ ದಿನವೋ, ಇನ್‌ವಾಯ್ಸ್ ಆದ ದಿನವೋ? ವಾಪಸ್ ಬಂದ ಮಾಲು ಎಷ್ಟು?

ಧಾರವಾಡದ ಸೀರೆ ಮಾರಾಟಗಾರ್ತಿ

ನನ್ನ ಕಥೆ ಕೇಳಿ ಅಕ್ಕ. ಮೊದಲ ವರ್ಷ ನಾನು ಬ್ಯಾಂಕಿಗೆ ಬಂದ ದುಡ್ಡನ್ನೇ ಮಾರಾಟ ಅಂತ ಜಿಎಸ್‌ಟಿಆರ್-1ರಲ್ಲಿ ತೋರಿಸಿದ್ದೆ. ಕಮಿಷನ್, ಕೊರಿಯರ್ ಖರ್ಚು, ಜಾಹೀರಾತು ಎಲ್ಲ ಮುರಿದುಕೊಂಡು ಉಳಿದದ್ದು ಅದು. ಆಮೇಲೆ ASMT-10 ನೋಟಿಸ್ ಬಂತು. ಟಿಸಿಎಸ್ ಪ್ರಕಾರ ನಿಮ್ಮ ಮಾರಾಟ ಜಾಸ್ತಿ ಇದೆ, ರಿಟರ್ನ್‌ನಲ್ಲಿ ಕಡಿಮೆ ಇದೆ, ಯಾಕೆ ಅಂತ. 30 ದಿನದೊಳಗೆ ASMT-11ರಲ್ಲಿ ಉತ್ತರ ಕೊಡಬೇಕಿತ್ತು. ಆ ರಾತ್ರಿ ನಿದ್ದೆ ಬರಲಿಲ್ಲ. ವ್ಯತ್ಯಾಸದ ತೆರಿಗೆಯನ್ನು ಬಡ್ಡಿ ಸಮೇತ ಕಟ್ಟಿದೆ. ಕಮಿಷನ್ ಬಿಲ್‌ಗಳ ಐಟಿಸಿಯನ್ನೂ ನಾನು ತೆಗೆದುಕೊಂಡಿರಲಿಲ್ಲ. ಸೆಟಲ್‌ಮೆಂಟ್ ಮೊತ್ತವನ್ನು ಮಾತ್ರ ಎಂದಿಗೂ ಮಾರಾಟ ಅಂತ ಬರೆಯಬೇಡಿ.

ಕೇಳಿದವರು

ನನ್ನದು ಆರ್ಡರ್ ದಿನಾಂಕದ ಶೀಟು. ಈಗ ಇನ್‌ವಾಯ್ಸ್ ದಿನಾಂಕ ಹಾಕಿ ನೋಡಿದೆ. ಅಕ್ಟೋಬರ್ 30, 31ರ ಕೆಲವು ಆರ್ಡರ್‌ಗಳ ಇನ್‌ವಾಯ್ಸ್ ನವೆಂಬರ್‌ನಲ್ಲಿ ಆಗಿದೆ, ಜಿಎಸ್‌ಟಿ ಬಿಟ್ಟು ₹9,600. ಸೆಪ್ಟೆಂಬರ್ 30ರ ಆರ್ಡರ್‌ಗಳು ಅಕ್ಟೋಬರ್‌ಗೆ ಬಂದಿವೆ, ₹6,400. ವಾಪಸ್ ಬಂದಿದ್ದು ₹18,400. ಆದರೆ ಅದರಲ್ಲಿ ಅರ್ಧದಷ್ಟು ಸೆಪ್ಟೆಂಬರ್‌ನಲ್ಲಿ ಮಾರಿದ ಮಾಲು. ಅದನ್ನೂ ಇಲ್ಲೇ ಕಳೆಯುವುದಾ?

ಲೆಕ್ಕ ಬರೆದುಕೊಡುವವರು

ಹೌದು, ಕಳೆಯಬೇಕು. ಯಾವಾಗ ಮಾರಿದ್ದು ಅನ್ನುವುದಲ್ಲ, ಯಾವ ತಿಂಗಳು ವಾಪಸ್ ಬಂತು ಅನ್ನುವುದು ಮುಖ್ಯ. ಈಗ ಕೂಡಿ ನೋಡಿ: 1,80,000ದಲ್ಲಿ 9,600 ಕಳೆದು 6,400 ಸೇರಿಸಿದರೆ 1,76,800. ಅದರಲ್ಲಿ ರಿಟರ್ನ್ 18,400 ಕಳೆದರೆ 1,58,400. ಪೈಸೆ ಬಿಡದೆ ತಾಳೆಯಾಯಿತು.

ಇನ್ನು ಕ್ಯಾಶ್ ಲೆಡ್ಜರ್ ವಿಷಯ. ಟಿಸಿಎಸ್ ತಾನಾಗಿಯೇ ಬರುವುದಿಲ್ಲ. ಪ್ಲಾಟ್‌ಫಾರ್ಮ್‌ನವರು ಮುಂದಿನ ತಿಂಗಳ 10ರೊಳಗೆ ಜಿಎಸ್‌ಟಿಆರ್-8 ಸಲ್ಲಿಸಬೇಕು. ಆಮೇಲೆ ನಿಮ್ಮ ರಿಟರ್ನ್ಸ್ ಡ್ಯಾಶ್‌ಬೋರ್ಡ್‌ನಲ್ಲಿ ಆ ತಿಂಗಳು ಆರಿಸಿದರೆ TDS and TCS Credit Received ಅನ್ನುವ ಚೌಕ ಸಿಗುತ್ತದೆ. ಅಲ್ಲಿ ಮೊತ್ತ ನೋಡಿ ಒಪ್ಪಿಕೊಳ್ಳಬೇಕು. ಬಹಳ ಜನ ಅಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಆಮೇಲೆ ಒಟಿಪಿ ಅಥವಾ ಡಿಎಸ್‌ಸಿ ಹಾಕಿ ಫೈಲ್ ಮಾಡಬೇಕು. ಫೈಲ್ ಆದ ಮೇಲೆಯೇ ದುಡ್ಡು ಲೆಡ್ಜರ್‌ಗೆ ಇಳಿಯುವುದು. ಮೊತ್ತ ನಿಜವಾಗಿಯೂ ತಪ್ಪಿದ್ದರೆ ತಿರಸ್ಕರಿಸಿ. ಆಗ ಪ್ಲಾಟ್‌ಫಾರ್ಮ್‌ನವರು ಮುಂದಿನ ಜಿಎಸ್‌ಟಿಆರ್-8ರಲ್ಲಿ ತಿದ್ದಬೇಕಾಗುತ್ತದೆ. ಆದರೆ ಮೊದಲು ಈ ಲೆಕ್ಕ ಮಾಡದೆ ತಿರಸ್ಕರಿಸಬೇಡಿ. ಹತ್ತರಲ್ಲಿ ಒಂಬತ್ತು ಸಲ ತಪ್ಪು ನಮ್ಮ ಶೀಟಿನದೇ.

ಜಿಎಸ್‌ಟಿಆರ್-1ರ ಕೊನೆ ದಿನ 11. ಪೋರ್ಟಲ್‌ನಲ್ಲಿ ಟಿಸಿಎಸ್ ಕಾಣುವತನಕ ಕಾದರೆ ಕೈಯಲ್ಲಿ ಒಂದು ದಿನವೂ ಉಳಿಯುವುದಿಲ್ಲ. ಹಾಗಾಗಿ ಪ್ಲಾಟ್‌ಫಾರ್ಮ್‌ನ ಮಾಸಿಕ ತೆರಿಗೆ ವರದಿ ಸಿಕ್ಕ ಕೂಡಲೇ ಇನ್‌ವಾಯ್ಸ್ ಜೊತೆ ತಾಳೆ ನೋಡಿಬಿಡಿ. ಮಾರಾಟ ಟೇಬಲ್ 7ರಲ್ಲಿ ರಾಜ್ಯವಾರು ಹೋಗುತ್ತದೆ. ಅದೇ ಮೊತ್ತ ಟೇಬಲ್ 14ರಲ್ಲಿ ಪ್ಲಾಟ್‌ಫಾರ್ಮ್‌ನ ಜಿಎಸ್‌ಟಿಐಎನ್ ಜೊತೆ ಮತ್ತೊಮ್ಮೆ ಹೋಗಬೇಕು. ಎರಡು ಸಲ ಬರೆದರೂ ತೆರಿಗೆ ಎರಡು ಸಲ ಬೀಳುವುದಿಲ್ಲ. ಕಮಿಷನ್ ಬಿಲ್‌ನ ಮೇಲಿರುವ ಜಿಎಸ್‌ಟಿಐಎನ್ ಅಲ್ಲಿ ಹಾಕಬೇಡಿ. ಟಿಸಿಎಸ್‌ಗೆ ಬೇರೆ ನೋಂದಣಿ ಇರುತ್ತದೆ, ಅದರ 14ನೇ ಅಕ್ಷರ C.

ಹುಬ್ಬಳ್ಳಿಯ ಮೊಬೈಲ್ ಕವರ್ ವ್ಯಾಪಾರಿ

ಸರಿ ಸರ್, ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಈಗಷ್ಟೇ ಆ ಚೌಕ ತೆಗೆದು ನೋಡಿದೆ, ಹಿಂದಿನ ಏಳು ತಿಂಗಳದ್ದು ಹಾಗೇ ಕೂತಿದೆ! ಇವತ್ತೇ ಒಂದೊಂದಾಗಿ ಫೈಲ್ ಮಾಡುತ್ತೇನೆ. ಆದರೆ ಇಷ್ಟೆಲ್ಲ ತಾಳೆ ಯಾಕೆ? ಪ್ಲಾಟ್‌ಫಾರ್ಮ್ ವರದಿಯನ್ನೇ ಹಾಗೇ ಎತ್ತಿ ಜಿಎಸ್‌ಟಿಆರ್-1ಕ್ಕೆ ಹಾಕಿದರೆ ಎಂದೂ ವ್ಯತ್ಯಾಸ ಬರುವುದಿಲ್ಲ ಅಲ್ವಾ?

ಲೆಕ್ಕ ಬರೆದುಕೊಡುವವರು

ಸಾಮಾನ್ಯವಾಗಿ ವ್ಯತ್ಯಾಸ ಬರುವುದಿಲ್ಲ, ನಿಜ. ಆದರೆ ವರದಿಯಲ್ಲೇ ಬಿಟ್ಟುಹೋದ ಇನ್‌ವಾಯ್ಸ್ ಇದ್ದರೆ ಅದಕ್ಕೆ ಹೊಣೆ ನೀವು, ಅವರಲ್ಲ. ಇನ್ನೊಂದು ಇದೆ. ಒಂದು ತಿಂಗಳು ಮಾರಾಟಕ್ಕಿಂತ ರಿಟರ್ನ್ ಜಾಸ್ತಿಯಾದರೆ ಟಿಸಿಎಸ್ ಲೆಕ್ಕದಲ್ಲಿ ಆ ಮೈನಸ್ ಮುಂದಿನ ತಿಂಗಳಿಗೆ ಹೋಗುವುದಿಲ್ಲ, ಅಲ್ಲೇ ಬಿಟ್ಟುಬಿಡುತ್ತಾರೆ. ನಿಮ್ಮ ಟೇಬಲ್ 7ರಲ್ಲಿ ಮಾತ್ರ ಮೈನಸ್ ಹಾಕಬಹುದು. ಅಂಥ ವರ್ಷ ಎರಡೂ ಒಟ್ಟು ಮೊತ್ತ ಎಂದಿಗೂ ಒಂದಾಗುವುದಿಲ್ಲ. ನೋಟಿಸ್ ಬಂದರೆ ತೋರಿಸಲು ನಿಮ್ಮದೇ ಶೀಟು ಬೇಕು.

ಕೇಳಿದವರು

ಫೈಲ್ ಮಾಡಿದೆ, ದುಡ್ಡು ಬಂತು! ಐಜಿಎಸ್‌ಟಿಯಲ್ಲಿ ₹560, ಸಿಜಿಎಸ್‌ಟಿ, ಎಸ್‌ಜಿಎಸ್‌ಟಿಯಲ್ಲಿ ತಲಾ ₹116. ಆದರೆ ಈ ತಿಂಗಳು ನನಗೆ ಕಟ್ಟಬೇಕಾಗಿರುವುದು ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಮಾತ್ರ. ಆ ₹560 ಬಳಸಲು ಬಿಡುತ್ತಿಲ್ಲ.

ಧಾರವಾಡದ ಸೀರೆ ಮಾರಾಟಗಾರ್ತಿ

ಅದು ಐಟಿಸಿ ಅಲ್ಲ ಅಕ್ಕ, ನಗದು. ಒಂದು ಖಾನೆಯಿಂದ ಇನ್ನೊಂದಕ್ಕೆ ತಾನಾಗಿ ಹೋಗುವುದಿಲ್ಲ. PMT-09 ಫಾರ್ಮ್ ತುಂಬಿ ಐಜಿಎಸ್‌ಟಿಯಿಂದ ಬೇಕಾದ ಕಡೆಗೆ ವರ್ಗ ಮಾಡಿಕೊಳ್ಳಿ. ಜಾಸ್ತಿ ಸೇರಿಕೊಂಡರೆ RFD-01 ಹಾಕಿ ರಿಫಂಡ್ ಕೇಳಬಹುದು, ನಾನು ಹಾಗೇ ಮಾಡುತ್ತೇನೆ.

ನನ್ನದೂ ಒಂದು ಪ್ರಶ್ನೆ ಇದೆ. ಅಕ್ಟೋಬರ್ 28ಕ್ಕೆ ಇನ್‌ವಾಯ್ಸ್ ಆಗಿ, ಗಿರಾಕಿ ಬಾಗಿಲಲ್ಲೇ ಬೇಡ ಅಂದು, ನವೆಂಬರ್ 6ಕ್ಕೆ ವಾಪಸ್ ಬಂದ ಪಾರ್ಸೆಲ್. ನಾನು ಮಾರುವ ಎರಡು ಪ್ಲಾಟ್‌ಫಾರ್ಮ್‌ಗಳಲ್ಲಿ ಒಂದು ಅದನ್ನು ಮಾರಾಟವೇ ಆಗಿಲ್ಲ ಅಂತ ಅಕ್ಟೋಬರ್‌ನಿಂದ ತೆಗೆದುಬಿಡುತ್ತದೆ. ಇನ್ನೊಂದು ನವೆಂಬರ್ ರಿಟರ್ನ್ ಅಂತ ತೋರಿಸುತ್ತದೆ. ನೀವು ಯಾವ ತಿಂಗಳಿಗೆ ಹಾಕುತ್ತೀರಿ?

ಲೆಕ್ಕ ಬರೆದುಕೊಡುವವರು

ನಾನು ಇನ್‌ವಾಯ್ಸ್ ಅಕ್ಟೋಬರ್‌ಗೆ, ಕ್ರೆಡಿಟ್ ನೋಟ್ ನವೆಂಬರ್‌ಗೆ ಹಾಕುತ್ತೇನೆ. ನನ್ನ ಜೊತೆ ಕೆಲಸ ಮಾಡುವವರು ಇದನ್ನು ಒಪ್ಪುವುದಿಲ್ಲ. ಮಾಲು ಕೈಸೇರದೆ ಮಾರಾಟವೇ ಆಗಿಲ್ಲ ಅನ್ನುತ್ತಾರೆ. ಇಂಥ ಪಾರ್ಸೆಲ್‌ಗಳಿಗೆ ನಾನು ಶೀಟಿನಲ್ಲಿ ಒಂದು ಬೇರೆ ಕಾಲಂ ಇಟ್ಟಿದ್ದೇನೆ, ಪಾರ್ಸೆಲ್ ನಂಬರ್ ಸಮೇತ.