ಸಹಾಯ ಬೇಕು: ಇಲ್ಲದ ಸೀರೆ ಮಾರಾಟವಾಗುತ್ತಿದೆ

ನಮ್ಮದು ಇಳಕಲ್ ಸೀರೆಗಳ ಪುಟ್ಟ ಆನ್‌ಲೈನ್ ಅಂಗಡಿ. ಕಪಾಟಿನಲ್ಲಿದ್ದದ್ದು 12, ಅದರಲ್ಲಿ 5 ಆಗಲೇ ಮಾರಾಟವಾಗಿ ಪ್ಯಾಕಿಂಗ್‌ಗೆ ಕಾದಿದ್ದವು. ಜಾಲತಾಣ ಮಾತ್ರ 12 ಎಂದೇ ತೋರಿಸಿ ಮತ್ತೆ 10 ಆರ್ಡರ್ ಹಿಡಿಯಿತು. ಮೂವರ ಬೈಗುಳ ತಿಂದೆ.

ಈಗ ಕೈಯಲ್ಲಿರುವುದು, ಕಾಯ್ದಿರಿಸಿದ್ದು ಎಂದು ಎರಡು ಕಾಲಂ ಮಾಡಿ, ವ್ಯತ್ಯಾಸವನ್ನಷ್ಟೇ ಮಾರಾಟಕ್ಕೆ ಬಿಡುತ್ತೇನೆ. ಪಾರ್ಸೆಲ್ ಹೊರಟಾಗ ಎರಡರಿಂದಲೂ ಕಳೆಯುತ್ತೇನೆ.

ತೊಡಕಿರುವುದು ಯುಪಿಐ ಪಾವತಿ ಬಾಕಿಯಿರುವ ಆರ್ಡರ್‌ಗಳಲ್ಲಿ. ಆರ್ಡರ್ ಬಂದ ಕೂಡಲೇ ಕಾಯ್ದಿರಿಸಿದರೆ, ಹಣ ಕಟ್ಟದೆ ಹೋದವರ ಸೀರೆ ಸುಮ್ಮನೆ ಸಿಕ್ಕಿಬೀಳುತ್ತದೆ. ಹಾಗಾಗಿ 15 ನಿಮಿಷಕ್ಕೆ ಬಿಡುಗಡೆ ಮಾಡಿದೆ. ಒಬ್ಬರ ಹಣ 20ನೇ ನಿಮಿಷಕ್ಕೆ ಬಂತು. ಅಷ್ಟರಲ್ಲಿ ಆ ಕೊನೆಯ ಸೀರೆ ಬೇರೆಯವರ ಪಾಲಾಗಿತ್ತು.

ಹೀಗೆ ತಡವಾಗಿ ಹಣ ಬಂದಾಗ ನೀವು ಏನು ಮಾಡುತ್ತೀರಿ? ಹಣ ಹಿಂದಿರುಗಿಸಿ ಆರ್ಡರ್ ರದ್ದು ಮಾಡಬೇಕೇ, ಅಥವಾ ನೇಕಾರರಿಂದ ಶುಕ್ರವಾರ ಬರಲಿರುವ 10ರಲ್ಲಿ ಒಂದನ್ನು ಅವರ ಹೆಸರಿಗೆ ಕಾಯ್ದಿರಿಸಬಹುದೇ?